ಒಂದೇ ಕೆಂಪು ಬಣ್ಣ, ಎರಡು ಬಗೆಯ ಏಮ್ಸ್ ಪರೀಕ್ಷೆ

ಬೆಟಗೇರಿಯ ಹಿರಿಯ ನೇಕಾರರೊಬ್ಬರು ನೂಲಿಗೆ ಹಾಕುವ ಕೆಂಪು ಬಣ್ಣದ ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಧಾರವಾಡದ ನಮ್ಮ ಪ್ರಯೋಗಾಲಯಕ್ಕೆ ಬಂದಿದ್ದರು. "ದಿನಾ ಇದರಾಗ ಕೈ ಅದ್ದತೀವ್ರಿ, ಮುಂದ ಏನರ ತ್ರಾಸ ಆಗ್ತೈತೇನ್ರಿ?" ಎಂಬುದು ಅವರ ಪ್ರಶ್ನೆ. ಪೊಟ್ಟಣದ ಮೇಲೆ ಹೆಸರಿರಲಿಲ್ಲ. ನೂಲಿನ ಬಣ್ಣಗಳಲ್ಲಿ ಬಹಳಷ್ಟು ಅಜೋ ಗುಂಪಿಗೆ ಸೇರಿದವು, ಮತ್ತು ಅಜೋ ಬಣ್ಣಗಳ ವಿಷಯದಲ್ಲಿ, ರಾಸಾಯನಿಕವೊಂದು ಜೀನುಗಳಲ್ಲಿ ಬದಲಾವಣೆ, ಅಂದರೆ ಉತ್ಪರಿವರ್ತನೆ, ಉಂಟುಮಾಡುತ್ತದೆಯೇ ಎಂದು ಬ್ಯಾಕ್ಟೀರಿಯಾಗಳಲ್ಲಿ ನೋಡುವ ಏಮ್ಸ್ ಪರೀಕ್ಷೆಯನ್ನು ಯಾವ ವಿಧಾನದಲ್ಲಿ ಮಾಡುತ್ತೇವೆ ಎಂಬುದರ ಮೇಲೆಯೇ ಉತ್ತರ ಬದಲಾಗಬಹುದು. ಆದ್ದರಿಂದ ಅವರ ಪುಡಿಯನ್ನು ಮುಟ್ಟುವ ಮೊದಲು, ಗುಣ ಗೊತ್ತಿರುವ ಕಾಂಗೋ ರೆಡ್ ಎಂಬ ಬಣ್ಣವನ್ನು ಎರಡೂ ವಿಧಾನಗಳಲ್ಲಿ ಹಾಕಿ ನೋಡಲು ನಿರ್ಧರಿಸಿದೆ.

ಎರಡಕ್ಕೂ ಬಳಸಿದ್ದು ಸಾಲ್ಮೊನೆಲ್ಲಾ ಟೈಫಿಮ್ಯೂರಿಯಂ ಎಂಬ ಬ್ಯಾಕ್ಟೀರಿಯಾದ ಟಿಎ 98 ಎಂಬ ತಳಿ. ಹಿಸ್ಟಿಡಿನ್ ಎಂಬ ಅಮೈನೊ ಆಮ್ಲವನ್ನು ತಯಾರಿಸುವ ಇದರ ಒಂದು ಜೀನಿನಲ್ಲಿ ಅಕ್ಷರಗಳ ಓದುವ ಸಾಲು ಜರುಗಿರುವುದರಿಂದ, ಹೊರಗಿನಿಂದ ಹಿಸ್ಟಿಡಿನ್ ಕೊಡದೆ ಅದು ಬೆಳೆಯಲಾರದು. ರಾಸಾಯನಿಕವು ಅದೇ ಜಾಗದಲ್ಲಿ ಇನ್ನೊಂದು ಉತ್ಪರಿವರ್ತನೆ ಉಂಟುಮಾಡಿ ಸಾಲನ್ನು ಮತ್ತೆ ಸರಿಪಡಿಸಿದರೆ, ಆ ಕೋಶ ಸ್ವಂತ ಬಲದಿಂದ ಬೆಳೆದು ಕಾಲೊನಿ ಕಟ್ಟುತ್ತದೆ. ಹಾನಿಯು ಉತ್ಪರಿವರ್ತನೆಯಾಗಿ ನೆಲೆಗೊಳ್ಳಲು ಕೋಶ ಕೆಲವು ಸಲವಾದರೂ ವಿಭಜನೆ ಹೊಂದಬೇಕಾದ್ದರಿಂದ, ಮೇಲೆ ಸುರಿಯುವ ಅಗರಿನಲ್ಲಿ ಅತ್ಯಲ್ಪ ಹಿಸ್ಟಿಡಿನ್ ಬೆರೆಸಿರುತ್ತೇವೆ. ಅದು ಮುಗಿಯುವವರೆಗೆ ಎಲ್ಲ ಕೋಶಗಳೂ ಬೆಳೆದು ತಟ್ಟೆಯ ತುಂಬ ಮಸುಕಾದ ತೆಳುಪದರ ಕಾಣಿಸಿಕೊಳ್ಳುತ್ತದೆ. ಈ ಪದರದ ವಿಷಯಕ್ಕೆ ಮುಂದೆ ಮರಳುತ್ತೇನೆ.

ಮೊದಲನೆಯದು ಎಲ್ಲರೂ ಕಲಿಯುವ ನೇರ ವಿಧಾನ. 45 ಡಿಗ್ರಿಯಲ್ಲಿ ಕರಗಿ ನಿಂತ 2 ಮಿಲಿ ಅಗರಿಗೆ 0.1 ಮಿಲಿ ಬ್ಯಾಕ್ಟೀರಿಯಾ, 0.1 ಮಿಲಿ ಬಣ್ಣದ ದ್ರಾವಣ ಮತ್ತು 0.5 ಮಿಲಿ ಎಸ್-9 ಮಿಶ್ರಣ ಸೇರಿಸಿ, ಕೂಡಲೇ ತಟ್ಟೆಯ ಮೇಲೆ ಸುರಿದು, 37 ಡಿಗ್ರಿಯಲ್ಲಿ 48 ಗಂಟೆ ಇಡಬೇಕು. ಎಸ್-9 ಎಂದರೆ ಯಕೃತ್ತನ್ನು ಅರೆದು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದಾಗ ಮೇಲೆ ನಿಲ್ಲುವ ದ್ರವ. ನಮ್ಮ ದೇಹ ರಾಸಾಯನಿಕಗಳನ್ನು ಮಾರ್ಪಡಿಸುವ ಕೆಲಸವನ್ನು ಅದರ ಕಿಣ್ವಗಳು ತಟ್ಟೆಯಲ್ಲಿ ಮಾಡುತ್ತವೆ. ಇಲ್ಲಿ ಬಳಸಿದ್ದು ಇಲಿಯ ಯಕೃತ್ತಿನದು, ಮಿಶ್ರಣದಲ್ಲಿ ಶೇಕಡಾ 10.

ಎರಡನೆಯದು ಅಜೋ ಬಣ್ಣಗಳಿಗಾಗಿಯೇ ಪ್ರೈವಲ್ ಮತ್ತು ಮಿಚೆಲ್ 1982ರಲ್ಲಿ ವಿವರಿಸಿದ ವಿಧಾನ. ಇದರಲ್ಲಿ ಹ್ಯಾಮ್‌ಸ್ಟರ್ ಯಕೃತ್ತಿನ ಎಸ್-9 ಶೇಕಡಾ 30ರಷ್ಟಿರುತ್ತದೆ. ಜೊತೆಗೆ ಎಫ್‌ಎಂಎನ್ ಎಂಬ ಫ್ಲೇವಿನ್ ಸಂಯುಕ್ತವನ್ನು ಸೇರಿಸುತ್ತಾರೆ. ಬ್ಯಾಕ್ಟೀರಿಯಾ, ಬಣ್ಣ ಮತ್ತು ಮಿಶ್ರಣವನ್ನು 30 ಡಿಗ್ರಿಯಲ್ಲಿ 30 ನಿಮಿಷ ಅಲುಗಿಸದೆ ಇಟ್ಟು, ಆಮೇಲಷ್ಟೇ ಅಗರ್ ಬೆರೆಸಿ ಸುರಿಯಬೇಕು.

ಈ ಅರ್ಧ ಗಂಟೆಯಲ್ಲಿ ಏನಾಗುತ್ತದೆ ಎಂಬುದೇ ಹೋಲಿಕೆಯ ತಿರುಳು. ಕಾಂಗೋ ರೆಡ್ ಇಡಿಯಾಗಿ ಇರುವಷ್ಟು ಕಾಲ ಡಿಎನ್‌ಎಗೆ ಹೆಚ್ಚಿನದೇನನ್ನೂ ಮಾಡುವುದಿಲ್ಲ. ಎರಡು ನೈಟ್ರೋಜನ್ ಪರಮಾಣುಗಳನ್ನು ಜೋಡಿಸುವ ಅದರ ಅಜೋ ಬಂಧಗಳು ಅಪಕರ್ಷಣೆಯಿಂದ ಮುರಿದಾಗ ಬೆಂಜಿಡಿನ್ ಎಂಬ ಅಮೀನು ಹೊರಬರುತ್ತದೆ, ಅಪಾಯವಿರುವುದು ಅದರಲ್ಲಿ. ಮನುಷ್ಯರಲ್ಲಿ ಈ ಬಂಧಗಳನ್ನು ಮುಖ್ಯವಾಗಿ ಮುರಿಯುವುದು ಕರುಳಿನ ಬ್ಯಾಕ್ಟೀರಿಯಾಗಳು, ಮತ್ತು ಅಲ್ಲಿ ಆಮ್ಲಜನಕ ತೀರ ಕಡಿಮೆ. ನೇರ ವಿಧಾನದಲ್ಲಾದರೋ, 0.7 ಮಿಲಿ ದ್ರವ ಒಮ್ಮೆಲೇ 2.7 ಮಿಲಿಯಾಗಿ ತೆಳುವಾಗಿ, ಗಾಳಿಗೆ ತೆರೆದ ಪದರವಾಗಿ ಹರಡಿಕೊಳ್ಳುತ್ತದೆ. ಕಿಣ್ವ ಸುಮಾರು ನಾಲ್ಕು ಪಟ್ಟು ತಿಳಿಯಾಗುವುದಲ್ಲದೆ, ಆಮ್ಲಜನಕವೂ ಅಪಕರ್ಷಣೆಗೆ ಅಡ್ಡಿಯಾಗುತ್ತದೆ. ಎರಡನೆಯ ವಿಧಾನದಲ್ಲಿ ಎಲ್ಲವೂ ಆ 0.7 ಮಿಲಿಯಲ್ಲೇ ಒತ್ತಾಗಿ ಉಳಿಯುತ್ತವೆ, ಎಲೆಕ್ಟ್ರಾನುಗಳನ್ನು ಬಂಧಕ್ಕೆ ಸಾಗಿಸಲು ಎಫ್‌ಎಂಎನ್ ನೆರವಾಗುತ್ತದೆ, ಅಲುಗಿಸದೆ ಇಡುವುದರಿಂದ ಹೊಸ ಗಾಳಿಯೂ ಬೆರೆಯುವುದಿಲ್ಲ. ಕಡಿಮೆ ಪ್ರಮಾಣದ ನಳಿಕೆಗಳನ್ನು ಬಿಳಿ ಹಾಳೆಯ ಮುಂದೆ ಹಿಡಿದಾಗ, ಅರ್ಧ ಗಂಟೆಯ ಕೊನೆಗೆ ಕೆಂಪು ಬಣ್ಣ ಕಣ್ಣಿಗೆ ಕಾಣುವಷ್ಟು ಮಸುಕಾಗಿತ್ತು.

ತಟ್ಟೆಗಳು ಹೇಳಿದ್ದೂ ಅದನ್ನೇ. ಬಣ್ಣ ಹಾಕದ ತಟ್ಟೆಗಳಲ್ಲಿ ಎರಡೂ ವಿಧಾನಗಳಲ್ಲಿ ಸರಾಸರಿ 35ರ ಆಸುಪಾಸಿನಲ್ಲಿ ಕಾಲೊನಿಗಳಿದ್ದವು. ನೇರ ವಿಧಾನದಲ್ಲಿ ಕಾಂಗೋ ರೆಡ್ಡಿನ ಪ್ರಮಾಣ ಎಷ್ಟೇ ಏರಿಸಿದರೂ ಎಣಿಕೆ 42ನ್ನು ದಾಟಲಿಲ್ಲ. ಹ್ಯಾಮ್‌ಸ್ಟರ್ ಮಿಶ್ರಣದಲ್ಲಿ ಪ್ರಮಾಣ ಹೆಚ್ಚಿದಂತೆ 60, 120, 200 ಎಂದು ಏರುತ್ತ ಹೋಯಿತು. ತಟ್ಟೆಯೇ ಕೆಂಪಾಗಿದ್ದರಿಂದ ಎಣಿಸುವ ಯಂತ್ರವನ್ನು ನಂಬದೆ, ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಕೈಯಿಂದಲೇ ಎಣಿಸಿದೆ.

ಇಲ್ಲಿ ನನ್ನನ್ನು ಬಹಳವಾಗಿ ಕಾಡಿದ್ದು ಧನಾತ್ಮಕ ನಿಯಂತ್ರಣದ ಪ್ರಶ್ನೆ. ಎಸ್-9 ಕೆಲಸ ಮಾಡುತ್ತಿದೆ ಎಂದು ತೋರಿಸಲು ಸಾಮಾನ್ಯವಾಗಿ 2-ಅಮಿನೊಆಂತ್ರಸೀನ್ ಹಾಕುತ್ತೇವೆ. ನನ್ನ ನೇರ ವಿಧಾನದ ತಟ್ಟೆಗಳಲ್ಲಿ ಅದು ನೂರಾರು ಕಾಲೊನಿಗಳನ್ನು ಕೊಟ್ಟಿತು, ಕಾಗದದ ಮೇಲೆ ಪರೀಕ್ಷೆ ಸರಿಯಾಗಿಯೇ ನಡೆದಿತ್ತು. ಆದರೆ ಆ ವಸ್ತು ಆಗಲೇ ಅಮೀನು, ಅದಕ್ಕೆ ಬೇಕಾದದ್ದು ಉತ್ಕರ್ಷಣೆ ಮಾತ್ರ. ಅಜೋ ಬಂಧ ಮುರಿಯುವ ಶಕ್ತಿ ಮಿಶ್ರಣದಲ್ಲಿದೆಯೇ ಎಂಬ ಪ್ರಶ್ನೆಗೆ ಅದು ಉತ್ತರ ಕೊಡುವುದೇ ಇಲ್ಲ. ಅಜೋ ಬಣ್ಣವನ್ನು ಪರೀಕ್ಷಿಸುವಾಗ ನಿಯಂತ್ರಣವೂ ಅಜೋ ಬಣ್ಣವೇ ಆಗಿರಬೇಕು. ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಘಟನೆಯ 471ನೆಯ ಮಾರ್ಗಸೂಚಿ ಅಪಕರ್ಷಣೆಯ ವಿಧಾನಕ್ಕೆ ಕಾಂಗೋ ರೆಡ್ಡನ್ನೇ ಸೂಚಿಸುವುದು ಈ ಕಾರಣಕ್ಕೆ.

ಹಾಗೆಂದು ಎರಡನೆಯ ವಿಧಾನ ತೊಡಕಿಲ್ಲದ್ದಲ್ಲ. ಮೊದಲನೆಯದರಲ್ಲಿ ತಟ್ಟೆಗೆ 50 ಮೈಕ್ರೋಲೀಟರ್ ಎಸ್-9 ಸಾಕಾದರೆ ಇದರಲ್ಲಿ 150 ಬೇಕು. ಐದು ಪ್ರಮಾಣಗಳಿಗೆ ಮೂರು ಮೂರು ತಟ್ಟೆ, ನಿಯಂತ್ರಣಗಳಿಗೆ ಆರು ಎಂದರೆ ಒಂದು ಸುತ್ತಿಗೇ 3 ಮಿಲಿಗಿಂತ ಹೆಚ್ಚು ಖರ್ಚಾಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಎಂದರೆ, ಒತ್ತಾದ ದ್ರವದಲ್ಲಿ ಅರ್ಧ ಗಂಟೆ ಇರುವ ಬ್ಯಾಕ್ಟೀರಿಯಾಗಳಿಗೆ ವಿಷದ ಪೆಟ್ಟೂ ಜೋರಾಗಿಯೇ ಬೀಳುತ್ತದೆ.

ನೇಕಾರರ ಪುಡಿಯಲ್ಲಿ ಇದೇ ಆಯಿತು. ತಟ್ಟೆಗೆ 5 ಮಿಲಿಗ್ರಾಂ ಎಂಬ ಅತಿ ಹೆಚ್ಚಿನ ಪ್ರಮಾಣದಲ್ಲಿ, ಹ್ಯಾಮ್‌ಸ್ಟರ್ ವಿಧಾನದ ಮೂರೂ ತಟ್ಟೆಗಳಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕೆಗಳು ನೂರಾರು ಮೂಡಿದ್ದವು. ನೇಕಾರ ಕಾಕಾ ಅವರಿಗೆ ಏನು ಹೇಳಲಿ ಎಂದು ನನ್ನ ಕೈ ನಡುಗಿತು. ಆದರೆ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹಿನ್ನೆಲೆಯ ತೆಳುಪದರ ಇರಲೇ ಇಲ್ಲ. ಹೆಚ್ಚಿನ ಕೋಶಗಳು ಸತ್ತಾಗ, ಎಲ್ಲರಿಗೂ ಹಂಚಿಹೋಗಬೇಕಿದ್ದ ಹಿಸ್ಟಿಡಿನ್ ಉಳಿದ ಕೆಲವಕ್ಕೇ ಸಿಗುತ್ತದೆ. ಅವು ಉತ್ಪರಿವರ್ತನೆ ಇಲ್ಲದೆಯೇ ಕಣ್ಣಿಗೆ ಕಾಣುವಷ್ಟು ಬೆಳೆದುಬಿಡುತ್ತವೆ. ಖಚಿತಪಡಿಸಿಕೊಳ್ಳಲು ಅಂಥ 20 ಚುಕ್ಕೆಗಳನ್ನು, ಜೊತೆಗೆ ನಿಯಂತ್ರಣದ ತಟ್ಟೆಯ 5 ದೊಡ್ಡ ಕಾಲೊನಿಗಳನ್ನು, ಬಯೋಟಿನ್ ಇದ್ದು ಹಿಸ್ಟಿಡಿನ್ ಇಲ್ಲದ ತಟ್ಟೆಗೆ ಗೀರಿದೆ. ಐದೂ ಬೆಳೆದವು, ಇಪ್ಪತ್ತರಲ್ಲಿ ಒಂದೂ ಬೆಳೆಯಲಿಲ್ಲ. ಆ ಪ್ರಮಾಣವನ್ನು ಲೆಕ್ಕದಿಂದ ಬಿಟ್ಟು, ಕೆಳಗಿನ ಪ್ರಮಾಣಗಳನ್ನು ಮತ್ತೊಮ್ಮೆ ಮಾಡಿದಾಗ ಪದರ ದಟ್ಟವಾಗಿಯೇ ಇತ್ತು, ಎಣಿಕೆಯಲ್ಲಿ ಏರಿಕೆ ಕಾಣಲಿಲ್ಲ. ಅದೇ ದಿನ ಪಕ್ಕದಲ್ಲೇ ಇಟ್ಟಿದ್ದ ಕಾಂಗೋ ರೆಡ್ ತಟ್ಟೆಗಳು ಎಂದಿನಂತೆ ಏರಿದ್ದವು.

ನನ್ನ ಆಯ್ಕೆ ಈಗ ಸ್ಪಷ್ಟವಾಗಿದೆ. ಅಜೋ ಬಂಧ ಇಲ್ಲವೆಂದು ರಚನೆಯಿಂದಲೇ ಗೊತ್ತಿರುವ ವಸ್ತುವಿಗೆ ನೇರ ವಿಧಾನದಿಂದ ಶುರುಮಾಡುತ್ತೇನೆ, ಹೆಸರಿಲ್ಲದ ಬಣ್ಣಕ್ಕೆ ಖರ್ಚಾದರೂ ಹ್ಯಾಮ್‌ಸ್ಟರ್ ವಿಧಾನವನ್ನೇ ಹಿಡಿಯುತ್ತೇನೆ. ಕಾಕಾ ಅವರಿಗೆ ಹೇಳಿದ್ದು ಇಷ್ಟು: ಈ ಒಂದು ತಳಿಯಲ್ಲಿ ನಿಮ್ಮ ಪುಡಿ ಉತ್ಪರಿವರ್ತನೆ ಉಂಟುಮಾಡಲಿಲ್ಲ, ಟಿಎ 100 ಮೊದಲಾದ ಬೇರೆ ತಳಿಗಳಲ್ಲಿ ನೋಡುವುದು ಇನ್ನೂ ಬಾಕಿ ಇದೆ, ಅಲ್ಲಿಯವರೆಗೆ ರಬ್ಬರ್ ಕೈಗವಸು ಹಾಕಿಕೊಂಡೇ ನೂಲು ಅದ್ದಿರಿ. ಅವರು ಇನ್ನೊಂದು ಪೊಟ್ಟಣ, ಈ ಸಲ ಹಸಿರು ಬಣ್ಣದ್ದು, ಮೇಜಿನ ಮೇಲಿಟ್ಟು ಹೋದರು.