ಪಾಪ್-ಅಪ್ ವೇಸ್ಟ್, ಬಾಟಲ್ ಟ್ರ್ಯಾಪ್: ಕೆಲವು ವರ್ಷ ಬಳಸಿದ ಮೇಲೆ

ಪೆರ್ಲದ ನಮ್ಮ ಮನೆಯಲ್ಲಿ ಎರಡು ವಾಶ್ ಬೇಸಿನ್ ಇವೆ. ಬಾತ್‌ರೂಮಿನದಕ್ಕೆ ಓವರ್‌ಫ್ಲೋ ತೂತು ಇದೆ, ಊಟದ ಕೋಣೆಯ ಬೋಗುಣಿಯಂಥದ್ದಕ್ಕೆ ಇಲ್ಲ. ಎರಡರಲ್ಲೂ ನೀರು ಇಳಿಯುವ ಬಾಯಿಗೆ ಒತ್ತಿದರೆ ಮುಚ್ಚುವ, ಮತ್ತೆ ಒತ್ತಿದರೆ ಏಳುವ ಪಾಪ್-ಅಪ್ ವೇಸ್ಟ್ ಹಾಕಿಸಿದ್ದೆವು. ಕೆಳಗೆ ಕ್ರೋಮ್ ಹೊಳಪಿನ ಹಿತ್ತಾಳೆಯ ಬಾಟಲ್ ಟ್ರ್ಯಾಪ್.

ಮೊದಲು ಟ್ರ್ಯಾಪ್‌ನ ಬಗ್ಗೆ. ಅದಕ್ಕೆ ನನ್ನ ಪೂರ್ತಿ ಅಂಕ. ಬೇಸಿನ್ನಿನ ಪೈಪು ಅಡಿಯ ಬಟ್ಟಲಿನಂಥ ಕಪ್ಪಿನಲ್ಲಿ ನಿಂತ ನೀರಿನಲ್ಲಿ ಮುಳುಗಿರುತ್ತದೆ. ಆ ನೀರೇ ಚರಂಡಿಯ ವಾಸನೆಯನ್ನು ತಡೆಯುವುದು. ಕೂದಲು, ಸಾಬೂನಿನ ಜಿಡ್ಡು, ನಮ್ಮ ಬೋರ್ ನೀರಿನ ಕಬ್ಬಿಣದ ಕೆಂಪು ಕೆಸರು ಎಲ್ಲ ಕಪ್ಪಿನಲ್ಲಿ ಕೂರುತ್ತವೆ. ಕೆಳಗೊಂದು ಬಕೆಟ್ ಇಟ್ಟು ಕಪ್ಪನ್ನು ಕೈಯಲ್ಲೇ ತಿರುಗಿಸಿ ಬಿಚ್ಚಬಹುದು. ಮತ್ತೆ ಹಾಕುವಾಗ ರಬ್ಬರ್ ವಾಷರ್ ತನ್ನ ಜಾಗದಲ್ಲಿ ಸರಿಯಾಗಿ ಕೂತಿದೆಯೇ ನೋಡಿ, ಕೈಬಿಗಿ ಸಾಕು. ಸ್ಪ್ಯಾನರ್ ಹಾಕಿದರೆ ವಾಷರ್ ಹಿಸುಕಿ ನೀರು ಜಿನುಗುತ್ತದೆ. ಬೇಸಿಗೆಯಲ್ಲಿ ಮನೆ ಬಹಳ ದಿನ ಮುಚ್ಚಿದ್ದರೆ ಒಳಗಿನ ನೀರು ಆರಿ ವಾಸನೆ ಬರುತ್ತದೆ. ಒಂದು ಚೊಂಬು ನೀರು ಹೊಯ್ದರೆ ಹೋಗುತ್ತದೆ.

ತೊಂದರೆ ಕೊಟ್ಟದ್ದು ಬಾತ್‌ರೂಮಿನ ಪಾಪ್-ಅಪ್ ವೇಸ್ಟ್. ನೀರು ಇಳಿಯುವುದು ನಿಧಾನವಾಯಿತು. ಇಂಥದ್ದರಲ್ಲಿ ಮೊದಲು ನೋಡಬೇಕಾದದ್ದು ಮೇಲಿನ ಮುಚ್ಚಳ. ಅದನ್ನು ಎಡಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ (ಕೆಲವದರಲ್ಲಿ ಸುಮ್ಮನೆ ಎಳೆದರೆ ಬರುತ್ತದೆ). ಅದರ ಕಡ್ಡಿಗೆ, ಕೆಳಗಿನ ಅಡ್ಡಪಟ್ಟಿಗೆ ಕೂದಲು ಸುತ್ತಿಕೊಂಡಿರುತ್ತದೆ. ನಮ್ಮಲ್ಲೂ ಇತ್ತು. ತೆಗೆದೆ, ಆದರೂ ಪೂರ್ತಿ ಸರಿಯಾಗಲಿಲ್ಲ. ಪ್ಲಂಬರ್ ಬಂದು ಕಪ್ಪನ್ನೂ ತೊಳೆದ. "ಭಟ್ರೇ, ಇನ್ನು ಗೋಡೆಯೊಳಗಿನ ಪೈಪೇ ಕಟ್ಟಿರಬೇಕು, ಒಡೆದು ನೋಡುವುದೇ" ಎಂದ.

ಒಡೆಯಲು ನಾನು ಒಪ್ಪಲಿಲ್ಲ, ಏಕೆಂದರೆ ಲಕ್ಷಣ ಹೊಂದುತ್ತಿರಲಿಲ್ಲ. ನಲ್ಲಿಯನ್ನು ಸಣ್ಣಗೆ ಬಿಟ್ಟರೆ ನೀರು ಆರಾಮವಾಗಿ ಹೋಗುತ್ತಿತ್ತು. ಬೇಸಿನ್ ತುಂಬಿಸಿ ಮುಚ್ಚಳ ತೆರೆದಾಗ ಮಾತ್ರ ನಿಂತು, ಗುಳುಗುಳು ಎಂದು ಗುಳ್ಳೆ ಎದ್ದು, ಆಮೇಲೆ ಇಳಿಯುತ್ತಿತ್ತು. ಇದು ಗಾಳಿಯ ಸಮಸ್ಯೆ. ಮುಚ್ಚಳಕ್ಕೂ ಟ್ರ್ಯಾಪ್‌ನ ನೀರಿಗೂ ನಡುವೆ ಪೈಪಿನಲ್ಲಿ ಗಾಳಿ ಇರುತ್ತದೆ. ನೀರು ಇಳಿಯಬೇಕಾದರೆ ಆ ಗಾಳಿ ಹೊರಗೆ ಹೋಗಬೇಕು. ಓವರ್‌ಫ್ಲೋ ತೂತಿನಿಂದ ಬೇಸಿನ್ನಿನ ಗೋಡೆಯೊಳಗೆ ಒಂದು ಕಾಲುವೆ ಇಳಿದು, ವೇಸ್ಟ್‌ನ ಪಕ್ಕದಲ್ಲಿರುವ ಸೀಳುಗಳಿಗೆ ಸೇರುತ್ತದೆ. ಹೆಚ್ಚಾದ ನೀರು ಕೆಳಗೆ ಹೋಗುವುದೂ ಗಾಳಿ ಮೇಲೆ ಬರುವುದೂ ಅದೇ ದಾರಿಯಲ್ಲಿ. ಅದು ಕಟ್ಟಿದರೆ ನೀರೂ ಗಾಳಿಯೂ ಒಂದೇ ಕಿರಿದಾದ ಬಾಯಲ್ಲಿ ನುಗ್ಗಾಡುತ್ತವೆ.

ಇದನ್ನು ಪರೀಕ್ಷಿಸುವುದು ಸುಲಭ. ಮುಚ್ಚಳ ಮುಚ್ಚಿ ಓವರ್‌ಫ್ಲೋ ತೂತಿಗೆ ನಿಧಾನವಾಗಿ ನೀರು ಹೊಯ್ಯಿರಿ. ಕೆಳಗೆ ಟ್ರ್ಯಾಪ್‌ನಲ್ಲಿ ನೀರು ಬೀಳುವ ಸದ್ದು ಕೇಳಬೇಕು. ನಮ್ಮದರಲ್ಲಿ ನೀರು ತೂತಿನಿಂದಲೇ ಉಕ್ಕಿ ವಾಪಸು ಬೇಸಿನ್ನಿಗೆ ಬಂತು. ಟ್ರ್ಯಾಪ್ ಕಳಚಿ, ಅಡಿಯ ನಟ್ ಸಡಿಲಿಸಿ ವೇಸ್ಟನ್ನು ಮೇಲಕ್ಕೆ ತೆಗೆಸಿದಾಗ ಎರಡು ಸೀಳುಗಳೂ ಬಿಳಿ ಸಿಲಿಕೋನ್‌ನಿಂದ ಮೆತ್ತಿಹೋಗಿದ್ದವು. ಹಿಂದೆ ಕೂರಿಸಿದವರು ಸೋರದಿರಲೆಂದು ಸುತ್ತಲೂ ಧಾರಾಳವಾಗಿ ಬಳಿದಿದ್ದರು. ಅದರ ಮೇಲೆ ಕಂದು ಲೋಳೆ ಬೆಳೆದು ಉಳಿದ ಸಂದನ್ನೂ ಮುಚ್ಚಿತ್ತು. ಕೆರೆದು ತೆಗೆದು, ಕಾಲುವೆಗೆ ಬಿಸಿನೀರು ಹೊಯ್ದು, ಮೇಲಿನ ಅಂಚಿನ ಅಡಿಗೆ ಮಾತ್ರ ತೆಳುವಾಗಿ ಸಿಲಿಕೋನ್ ಹಚ್ಚಿ, ಕೆಳಗೆ ರಬ್ಬರ್ ವಾಷರ್ ಹಾಕಿ ಮತ್ತೆ ಕೂರಿಸಿದೆವು. ಆವತ್ತಿನಿಂದ ತುಂಬಿದ ಬೇಸಿನ್ ಗುಳುಗುಟ್ಟದೆ ಖಾಲಿಯಾಗುತ್ತದೆ.

ಸಣ್ಣ ಧಾರೆಗೂ ನೀರು ನಿಂತು, ಮುಚ್ಚಳವನ್ನೂ ಕಪ್ಪನ್ನೂ ತೊಳೆದ ಮೇಲೂ ಹಾಗೇ ಇದ್ದರೆ ಆಗ ಗೋಡೆಯ ಪೈಪನ್ನು ಸಂಶಯಿಸಬಹುದು. ಆಗಲೂ ಒಡೆಯುವ ಮೊದಲು ಟ್ರ್ಯಾಪ್‌ನಿಂದ ಗೋಡೆಗೆ ಹೋಗುವ ಪೈಪು ಒಳಗೆ ತೀರಾ ತುರುಕಿ ಅಲ್ಲಿನ ಪೈಪಿನ ತಿರುವಿಗೆ ತಾಗಿದೆಯೇ ನೋಡಿ. ಒಂದಿಷ್ಟು ಹೊರಗೆಳೆದರೆ ಸರಿಹೋಗಬಹುದು. ರಬ್ಬರ್ ಪಂಪಿನಿಂದ ಒತ್ತುವುದಾದರೆ ಓವರ್‌ಫ್ಲೋ ತೂತನ್ನು ಒದ್ದೆ ಬಟ್ಟೆಯಿಂದ ಬಿಗಿಯಾಗಿ ಮುಚ್ಚಿ, ಇಲ್ಲವಾದರೆ ಒತ್ತಡವೆಲ್ಲ ಅಲ್ಲಿಂದಲೇ ಹೋಗುತ್ತದೆ. ಕಕ್ಕಸು ತೊಳೆಯುವ ಆಸಿಡ್ ಮಾತ್ರ ಹೊಯ್ಯಬೇಡಿ, ಕ್ರೋಮ್ ಎದ್ದು ಹಿತ್ತಾಳೆ ತಿನ್ನಿಸಿಕೊಳ್ಳುತ್ತದೆ.

ಊಟದ ಕೋಣೆಯ ಬೇಸಿನ್ನಿನಿಂದ ಪಾಪ್-ಅಪ್ ತೆಗೆಸಿಬಿಟ್ಟೆ. ಕೈ ತೊಳೆಯುವಲ್ಲಿ ಮುಚ್ಚಳವೇ ಬೇಡ. ಅನ್ನದ ಅಗುಳು, ಕರಿಬೇವು ಅದರಡಿ ಸಿಕ್ಕಿಕೊಳ್ಳುತ್ತಿದ್ದವು. ಅಕಸ್ಮಾತ್ ಒತ್ತಿ ಮುಚ್ಚಿಹೋದರೆ ನೀರು ಉಕ್ಕಿ ನೆಲಕ್ಕೆ. ಈಗ ಜಾಲರಿಯ ವೇಸ್ಟ್ ಇದೆ, ಸೀಳಿಲ್ಲದ್ದು. ಓವರ್‌ಫ್ಲೋ ಇಲ್ಲದ ಬೇಸಿನ್ನಿಗೆ ಸೀಳಿರುವುದನ್ನು ಹಾಕಿದರೆ ನೀರು ಆ ಸೀಳಿನಿಂದ ಹೊರಬಂದು ಅಡಿಯ ನಟ್ ಹತ್ತಿರ ತೊಟ್ಟಿಕ್ಕಬಹುದು. ಓವರ್‌ಫ್ಲೋ ಇರುವುದಕ್ಕೆ ಸೀಳಿಲ್ಲದ್ದನ್ನು ಹಾಕಿದರೆ ತೂತು ಇದ್ದೂ ಇಲ್ಲದ ಹಾಗೆ. ಕುಂಬಳೆಯ ಅಂಗಡಿಯಲ್ಲಿ ಎರಡೂ ಒಂದೇ ಥರದ ಪೆಟ್ಟಿಗೆಯಲ್ಲಿದ್ದವು. ಬಿಚ್ಚಿಸಿ, ಪಕ್ಕ ನೋಡಿಯೇ ತನ್ನಿ.