ಗಿಟಾರ್ ಟ್ಯಾಬ್: ಎಲ್ಲಿ ಒತ್ತಬೇಕು ಅಂತ ಗೊತ್ತಾಗುತ್ತೆ, ಎಷ್ಟು ಹೊತ್ತು ಅಂತ ಗೊತ್ತಾಗಲ್ಲ

ಕೆಲವು ವರ್ಷಗಳಿಂದ ನಾನು ನುಡಿಸುವುದೆಲ್ಲ ಟ್ಯಾಬ್ ನೋಡಿಯೇ. ಆರು ಗೆರೆ ಆರು ತಂತಿ, ಅಂಕಿ ಅಂದ್ರೆ ಫ್ರೆಟ್, ಇದು ನಿಮಗೆ ಗೊತ್ತಿರುವುದೇ. ಹೊಸ ಟ್ಯಾಬ್ ಸಿಕ್ಕ ತಕ್ಷಣ ಗಿಟಾರ್ ಎತ್ತಿಕೊಳ್ಳುವುದಿಲ್ಲ. ಮೊದಲು ಪೆನ್ಸಿಲ್ ತೆಗೆದುಕೊಂಡು ಅಂಕಿಗಳ ಮೇಲೆ ಬೀಟ್ ಬರೆಯುತ್ತೇನೆ, ಕೆಳಗೆ ಯಾವ ಬೆರಳು ಅಂತ ಬರೆಯುತ್ತೇನೆ. ಆ ಹಾಳೆ ಎದುರಿಗಿಟ್ಟುಕೊಂಡು ನಿಧಾನವಾಗಿ ಬೆರಳು ಕೂರಿಸುವುದು ನನಗೆ ತುಂಬಾ ಇಷ್ಟದ ಕೆಲಸ.

ಟ್ಯಾಬ್‌ನ ದೊಡ್ಡ ಉಪಕಾರ ಮೊದಲು ಹೇಳಿಬಿಡುತ್ತೇನೆ. ಗಿಟಾರಿನಲ್ಲಿ ಒಂದೇ ಸ್ವರ ಬೇರೆ ಬೇರೆ ಕಡೆ ಸಿಗುತ್ತದೆ. ಮೊದಲ ತಂತಿಯನ್ನು ಖಾಲಿ ಮೀಟಿದರೆ ಬರುವ ಇ ಸ್ವರವೇ ಎರಡನೇ ತಂತಿಯ 5ನೇ ಫ್ರೆಟ್‌ನಲ್ಲೂ ಇದೆ, ಮೂರನೆಯದರ 9ನೇ ಫ್ರೆಟ್‌ನಲ್ಲೂ ಇದೆ. ಐದು ಗೆರೆಯ ನೊಟೇಶನ್‌ನಲ್ಲಿ ಮೂರಕ್ಕೂ ಚುಕ್ಕೆ ಒಂದೇ ಜಾಗದಲ್ಲಿ, ತಂತಿಯ ನಂಬರ್ ಬೇರೆ ಹಾಕಿಲ್ಲ ಅಂದ್ರೆ ಎಲ್ಲಿ ನುಡಿಸಬೇಕು ಅಂತ ನಾವೇ ಹುಡುಕಬೇಕು. ಟ್ಯಾಬ್‌ನಲ್ಲಿ ಆ ತಲೆನೋವಿಲ್ಲ. ತಂತಿಗಳ ಶ್ರುತಿ ಬದಲಾಯಿಸಿ ನುಡಿಸುವ ಹಾಡುಗಳಿಗಂತೂ ಅದೇ ಆಧಾರ.

ಬೇಸರ ಶುರುವಾಗಿದ್ದು ಫಿಂಗರ್‌ಸ್ಟೈಲ್‌ಗೆ ಬಂದಾಗ, ಅಂದ್ರೆ ಹೆಬ್ಬೆರಳು ಬೇಸ್ ಮೀಟುತ್ತಾ ಉಳಿದ ಬೆರಳು ಹಾಡು ನುಡಿಸುವಾಗ. ಈ ಒಂದು ಬಾರ್ ನೋಡಿ, ನಾಲ್ಕು ಬೀಟ್ ಇದೆ, ಹಾಡಿಗೆ ಬೀಟ್‌ಗೊಂದು ಸ್ವರ:

```
e|----------0-------|
B|--1---3-------1---|
G|------------------|
D|------------------|
A|--3---------------|
E|------------------|
```

ಸುಲಭ ಅನ್ನಿಸುತ್ತದೆ ಅಲ್ವಾ? ಮೊದಲ ಬೀಟ್‌ಗೆ ಉಂಗುರ ಬೆರಳು A ತಂತಿಯ 3ರ ಮೇಲೆ, ತೋರುಬೆರಳು B ತಂತಿಯ 1ರ ಮೇಲೆ. ಎರಡನೇ ಬೀಟ್‌ಗೆ B ತಂತಿಯ 3 ಬೇಕು. ಕೈ ತಾನಾಗಿ ಉಂಗುರ ಬೆರಳನ್ನೇ ಎತ್ತಿ ಅಲ್ಲಿಗೆ ತರುತ್ತದೆ. ಎತ್ತಿದ ಕ್ಷಣವೇ ಬೇಸ್ ಸತ್ತುಹೋಗುತ್ತದೆ, ಉಳಿದ ಮೂರು ಬೀಟ್ ಹಾಡಿನ ಕೆಳಗೆ ಏನೂ ಇರುವುದಿಲ್ಲ. ಆದರೆ ಟ್ಯಾಬ್ ಪ್ರಕಾರ ಇದರಲ್ಲಿ ತಪ್ಪೇ ಇಲ್ಲ! ಯಾವ ಅಂಕಿಯೂ ಬಿಟ್ಟಿಲ್ಲ.

ಇದನ್ನೇ ನೊಟೇಶನ್‌ನಲ್ಲಿ ಬರೆದರೆ, ಕೆಳಗೆ ಬೇಸ್‌ಗೆ ಬಾಲವಿಲ್ಲದ ಖಾಲಿ ಮೊಟ್ಟೆ, ಅಂದ್ರೆ ನಾಲ್ಕು ಬೀಟ್ ಪೂರ್ತಿ ಹಿಡಿ ಅಂತ. ಅದರ ಮೇಲೆ ಬಾಲ ಮೇಲಕ್ಕಿರುವ ನಾಲ್ಕು ಕಪ್ಪು ಸ್ವರ. ಎರಡು ದನಿ ಬೇರೆ ಬೇರೆ ಅಂತ ಕಣ್ಣಿಗೇ ಕಾಣುತ್ತದೆ. ಅದನ್ನು ನೋಡಿದವರು ಉಂಗುರ ಬೆರಳನ್ನು ಅಲ್ಲೇ ಬಿಟ್ಟು B ತಂತಿಯ 3ಕ್ಕೆ ಕಿರುಬೆರಳು ಹಾಕುತ್ತಾರೆ. ಬೆರಳಿನ ಆಯ್ಕೆ ಬರುವುದೇ ಸ್ವರ ಎಷ್ಟು ಹೊತ್ತು ಉಳಿಯಬೇಕು ಅನ್ನುವುದರಿಂದ, ಅದನ್ನೇ ಟ್ಯಾಬ್ ಹೇಳುವುದಿಲ್ಲ.

ಇದರ ಉಲ್ಟಾ ತೊಂದರೆಯೂ ಇದೇ ಬಾರ್‌ನಲ್ಲಿದೆ. ಮೂರನೇ ಬೀಟ್‌ನ 0 ಖಾಲಿ ತಂತಿ, ಅದು ತಾನಾಗಿ ನಿಲ್ಲುವುದಿಲ್ಲ. ನಾಲ್ಕನೇ ಬೀಟ್‌ನಲ್ಲಿ B ತಂತಿ ಮೀಟಿದರೂ ಅದು ಮೊಳಗುತ್ತಲೇ ಇರುತ್ತದೆ. ಹಾಡಿನ ಎರಡು ಸ್ವರ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಒಂದು ಬೀಟ್ ಮಾತ್ರ ಅಂತ ನೊಟೇಶನ್‌ನಲ್ಲಿ ಬರೆದಿರುತ್ತದೆ. ಹಾಗಾಗಿ B ತಂತಿಯ 1ಕ್ಕೆ ಇಳಿಸುವ ತೋರುಬೆರಳನ್ನೇ ಸ್ವಲ್ಪ ವಾಲಿಸಿ, ಅದರ ಒಳಬದಿ ಮೊದಲ ತಂತಿಗೆ ತಾಗುವ ಹಾಗೆ ಮಾಡಬೇಕು, ತಾಗಿದರೆ ಸಾಕು, ಒತ್ತುವುದು ಬೇಡ.

ಇನ್ನೊಂದು ಗಮನಿಸಿ, ಈ ಬಾರ್‌ನ ಅತಿ ಎತ್ತರದ ಸ್ವರ ಆ 0. ಹಾಡು ಮೇಲಕ್ಕೆ ಹೋಗುವಾಗ ಅಂಕಿ 3ರಿಂದ ಸೊನ್ನೆಗೆ ಇಳಿದಿದೆ. ನೊಟೇಶನ್‌ನಲ್ಲಿ ಚುಕ್ಕೆ ಮೇಲೇರುವುದು ಕಾಣುತ್ತದೆ, ನುಡಿಸುವ ಮೊದಲೇ ಗುನುಗಬಹುದು.

ಅಂಕಿಯ ಕೆಳಗೆ ಬಾಲ ಹಾಕಿರುವ ಟ್ಯಾಬ್ ತಗೊಂಡರೆ ಸರಿಹೋಗುತ್ತೆ ಅಂತ ಕೆಲವರು ಹೇಳುತ್ತಾರೆ. ಅರ್ಧ ಸರಿ. 1507ರಲ್ಲಿ ವೆನಿಸ್‌ನಲ್ಲಿ ಪೆಟ್ರುಚ್ಚಿ ಅಚ್ಚು ಹಾಕಿದ ಲ್ಯೂಟ್ ವಾದ್ಯದ ಟ್ಯಾಬ್‌ನಲ್ಲೇ ಗೆರೆಗಳ ಮೇಲೆ ಲಯದ ಗುರುತುಗಳಿವೆ. ಆದರೆ ಆ ಗುರುತು ಹೇಳುವುದು ಮುಂದಿನ ಮೀಟು ಯಾವಾಗ ಅಂತ. ಈಗ ಮೀಟಿದ ಸ್ವರ ಎಲ್ಲಿವರೆಗೆ ಉಳಿಯಬೇಕು ಅಂತಲ್ಲ. ಈಗಿನ ಬಾಲದ ಟ್ಯಾಬ್‌ಗಳಲ್ಲೂ ಎರಡು ದನಿಗೂ ಸೇರಿ ಒಂದೇ ಸಾಲು ಬಾಲ ಹಾಕಿದ್ದರೆ ಕಥೆ ಅದೇ.

ಒಂದೊಂದೇ ಸ್ವರ ನುಡಿಸುವ ಸೋಲೋ, ತಂತಿ ಎಳೆಯುವ ಬೆಂಡ್, ಸ್ಲೈಡ್ ಇವಕ್ಕೆಲ್ಲ ನಾನು ಈಗಲೂ ಟ್ಯಾಬನ್ನೇ ಬಳಸುತ್ತೇನೆ. ಎರಡು ದನಿ ಇರುವ ಪುಸ್ತಕವಾದರೆ ದುಡ್ಡು ಕೊಡುವ ಮೊದಲು ಮಾದರಿ ಪುಟ ತೆಗೆದು ನೋಡುತ್ತೇನೆ. ಮೇಲೆ ನೊಟೇಶನ್, ಕೆಳಗೆ ಟ್ಯಾಬ್, ಬೇಸ್‌ನ ಬಾಲ ಕೆಳಕ್ಕೆ, ಹಾಡಿನ ಬಾಲ ಮೇಲಕ್ಕೆ, ಇಷ್ಟಿದ್ದರೆ ತಗೊಳ್ಳುತ್ತೇನೆ. ಬರೀ ಅಂಕಿ ಇದ್ದರೆ ಇಲ್ಲ. ಬಿಟ್ಟಿಯಾಗಿ ಸಿಕ್ಕ ಟ್ಯಾಬ್‌ಗೆ ಮಾತ್ರ ಈಗ ಪೆನ್ಸಿಲ್ ಕೆಲಸ ಜಾಸ್ತಿಯಾಗಿದೆ. ರೆಕಾರ್ಡಿಂಗ್ ನಿಧಾನ ಮಾಡಿ ಕೇಳಿ, ಪ್ರತಿ ಬೇಸ್ ಅಂಕಿಯಿಂದ ಅದು ನಿಲ್ಲುವ ಬೀಟ್‌ವರೆಗೆ ಅಡ್ಡಗೆರೆ ಎಳೆಯುತ್ತೇನೆ. ಬೆರಳು ಯಾವುದು ಅಂತ ಬರೆಯುವುದು ಆ ಗೆರೆ ಎಳೆದ ಮೇಲೆ.