ಕೇಕಿಗೆ ವೆನಿಲ್ಲಾವೋ, ಏಲಕ್ಕಿಯೋ?

ಬದಿಯಡ್ಕದ ನಮ್ಮ ಅಡಿಕೆ ತೋಟದಲ್ಲಿ ಒಂದು ವೆನಿಲ್ಲಾ ಬಳ್ಳಿ ಉಳಿದಿದೆ. ಆದರೆ ಅದರ ಹಸಿ ಕೋಡಿಗೆ ಪರಿಮಳವೇ ಇಲ್ಲ. ಮನೆಯಲ್ಲೇ ವೆನಿಲ್ಲಾ ಎಸೆನ್ಸ್ ಮಾಡಲು ಹದಮಾಡಿ ಒಣಗಿಸಿದ, ಕಪ್ಪಗಿದ್ದು ಬಾಗುವ ಕೋಡೇ ಬೇಕು. ಅಂಥ 25 ಗ್ರಾಂ ಕೋಡುಗಳನ್ನು ಉದ್ದಕ್ಕೆ ಸೀಳಿ, 250 ಮಿಲಿ ವೋಡ್ಕಾದಲ್ಲಿ ಪೂರ್ತಿ ಮುಳುಗಿಸಿ ಕತ್ತಲಲ್ಲಿಡಿ. ತುದಿ ಮೇಲೆದ್ದರೆ ಬೂಸ್ಟು ಬರಬಹುದು. ಎರಡು ತಿಂಗಳಿಗೆ ಬಳಸಬಹುದಾದರೂ ಒಳ್ಳೆಯ ರುಚಿಗೆ ಆರು ತಿಂಗಳು ಕಾಯಬೇಕು. ಕಸ್ಟರ್ಡ್, ಐಸ್‌ಕ್ರೀಮಿಗೆ ಈ ಕಾಯುವಿಕೆ ಸಾರ್ಥಕ. ಬಿಸ್ಕತ್ತಿಗಾದರೆ ಅಂಗಡಿಯ ಎಸೆನ್ಸೇ ಸಾಕು. ಒಲೆಯ ಬಿಸಿಯಲ್ಲಿ ಸೂಕ್ಷ್ಮ ಪರಿಮಳ ಹಾರಿಹೋಗಿ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ.

ನಾಳೆಯೇ ಕೇಕ್ ಬೇಕೇ? ಏಲಕ್ಕಿ ತೆಗೆದುಕೊಳ್ಳಿ. 200 ಗ್ರಾಂ ಮೈದಾಕ್ಕೆ ಐದಾರು ಏಲಕ್ಕಿಯ ಕಾಳು ಮಾತ್ರ ಬಿಡಿಸಿ, ಒಂದು ಚಮಚ ಸಕ್ಕರೆ ಸೇರಿಸಿ ಆಗಲೇ ಪುಡಿಮಾಡಿ. ಸಿಪ್ಪೆ ಸೇರಿದರೆ ನಾರುನಾರು. ಪುಡಿಯನ್ನು ಹಿಟ್ಟಿಗಲ್ಲ, ಬೆಣ್ಣೆಗೇ ಕಲಸಿ. ಏಲಕ್ಕಿಯ ಎಣ್ಣೆಯಂಶ ಕೊಬ್ಬಿನಲ್ಲಿ ಚೆನ್ನಾಗಿ ಬೆರೆಯುತ್ತದೆ. ನಾನೊಮ್ಮೆ ಹನ್ನೆರಡು ಹಾಕಿದ್ದೆ: ಕೇಕ್ ಕಷಾಯದ ಹಾಗೆ ಕಹಿಯಾಯಿತು. ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇದ್ದ ಪುಡಿಯಾದರೆ ಮೂಸಿ ನೋಡಿ, ಮೂಗಿಗೆ ತಟ್ಟದಿದ್ದರೆ ಕೇಕಿಗೂ ತಟ್ಟದು. ಬಾಳೆಹಣ್ಣಿನ ಕೇಕಿಗಂತೂ ನನ್ನ ಮತ ಏಲಕ್ಕಿಗೇ.